ಬಾದನಹಟ್ಟಿಯನ್ನು ಬರೆಯಬಲ್ಲ ಕೀಬೋರ್ಡ್

ಫೋನಿಗೆ ಕನ್ನಡ ಕೀಬೋರ್ಡ್ ಹಾಕಿಕೊಂಡವರು ಬಹಳ ಜನ ಇದ್ದಾರೆ. ಅವರಲ್ಲಿ ಹೆಚ್ಚಿನವರು ಹಾಕಿಕೊಂಡಿರುವುದು ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಪದ ಬರುವ ಬಗೆಯದು. ಗೂಗಲ್‌ನ ಜಿಬೋರ್ಡ್‌ನಲ್ಲಿ ಅದರ ಹೆಸರು abc → ಕನ್ನಡ. ಅದೇ ಪಟ್ಟಿಯಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ವಿನ್ಯಾಸ ಇರುತ್ತದೆ, ಕ ಖ ಗ ಎಂದು ಕನ್ನಡ ಅಕ್ಷರಗಳೇ ಗುಂಡಿಗಳಾಗಿರುವಂಥದ್ದು. ಅದನ್ನು ಒಮ್ಮೆ ತೆರೆದು ನೋಡಿ, ಇಷ್ಟೊಂದು ಗುಂಡಿ ಯಾರು ಹುಡುಕುತ್ತಾರೆ ಎಂದು ಮುಚ್ಚಿದವರೇ ಹೆಚ್ಚು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಮಾತನಾಡುವ ಹಾಗೆಯೇ ಬರೆಯಬೇಕೆನ್ನುವವರಿಗೆ ಈ ಆಯ್ಕೆ ತಲೆಕೆಳಗಾಗಿದೆ ಎಂಬುದು ನನ್ನ ಅಭಿಪ್ರಾಯ. ಇಂಗ್ಲಿಷ್ ಜೊತೆಗೆ ಇಟ್ಟುಕೊಳ್ಳುವ ಎರಡನೆಯ ಕೀಬೋರ್ಡ್ ನೇರ ಅಕ್ಷರಗಳದ್ದೇ ಆಗಬೇಕು. ಲಿಪ್ಯಂತರದ್ದು ಬೇಕಾದರೆ ಮೂರನೆಯದಾಗಿ ಇರಲಿ.

ಈ ಮಾತನ್ನು ಪರೀಕ್ಷಿಸಲು ಊರಿನ ಹೆಸರೇ ಸಾಕು. ಕುರುಗೋಡು ತಾಲೂಕಿನ ಬಾದನಹಟ್ಟಿಯನ್ನು ಲಿಪ್ಯಂತರದಲ್ಲಿ ಬರೆಯಲು badanahatti ಎಂದು ಒತ್ತಬೇಕು. ಇಲ್ಲಿ ಬರುವ ಪ್ರತಿ a ಅಕಾರವೂ ಆಗಬಹುದು, ಆಕಾರವೂ ಆಗಬಹುದು. d ಎಂಬುದು ದಕಾರವೋ ಡಕಾರವೋ, n ಎಂಬುದು ನಕಾರವೋ ಣಕಾರವೋ, tt ಎಂಬುದು ತ್ತ ಆಗಬೇಕೋ ಟ್ಟ ಆಗಬೇಕೋ, ಕೊನೆಯ i ಹ್ರಸ್ವವೋ ದೀರ್ಘವೋ, ಇಂಗ್ಲಿಷ್ ಅಕ್ಷರ ಇದ್ಯಾವುದನ್ನೂ ಹೇಳುವುದಿಲ್ಲ. ಮಹಾಪ್ರಾಣಗಳನ್ನು ಬದಿಗಿಟ್ಟು ಎಣಿಸಿದರೂ ಬ ಮತ್ತು ಹ ಎರಡೆರಡು ಬಗೆ, ದ, ನ, ಟ್ಟಿ ನಾಲ್ಕು ನಾಲ್ಕು ಬಗೆ, ಎಲ್ಲ ಗುಣಿಸಿದರೆ 256 ರೂಪಗಳಾಗುತ್ತವೆ. ಕೀಬೋರ್ಡ್ ಅವುಗಳಲ್ಲಿ ಒಂದನ್ನು ಊಹಿಸಿ ಮುಂದಿಡಬೇಕು. ಆ ಊಹೆಗೆ ಅದಕ್ಕಿರುವ ಆಧಾರ ಹಿಂದೆ ಯಾರ್‍ಯಾರೋ ಬರೆದ ಪದಗಳ ರಾಶಿ. ಬೆಂಗಳೂರು, ಮೈಸೂರು ಆ ರಾಶಿಯಲ್ಲಿ ಬೇಕಾದಷ್ಟು ಸಲ ಇವೆ, ಆದ್ದರಿಂದ ತಪ್ಪದೆ ಬರುತ್ತವೆ. ಒಂದು ಹಳ್ಳಿಯ ಹೆಸರು ಅಲ್ಲಿ ಎಷ್ಟು ಸಲ ಇದ್ದೀತು? ಅದರಲ್ಲೂ hatti ಎಂದರೆ ಹತ್ತಿಯೂ ಹೌದು, ಹಟ್ಟಿಯೂ ಹೌದು. ಹತ್ತಿ ಬೆಳೆಯುವ ಸೀಮೆಯಲ್ಲಿ ಕುಳಿತು hatti ಎಂದು ಒತ್ತಿದರೆ ಬೆಳೆ ಬರುತ್ತದೋ ಊರು ಬರುತ್ತದೋ ಎಂದು ಪ್ರತಿ ಸಲ ಮೇಲಿನ ಸಾಲನ್ನು ನೋಡಲೇಬೇಕು.

ಅದೇ ಹೆಸರನ್ನು ನೇರ ಅಕ್ಷರಗಳಲ್ಲಿ ಬರೆದು ನೋಡಿ. ಬ, ಆಕಾರದ ಗುರುತು, ದ, ನ, ಹ, ಟ, ಅರ್ಧಾಕ್ಷರದ ಗುರುತು, ಮತ್ತೆ ಟ, ಗುಡಿಸು. ಒಟ್ಟು ಒಂಬತ್ತು ಒತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಹನ್ನೊಂದು, ಅದರ ಮೇಲೆ ಸರಿಯಾದ ರೂಪ ಹುಡುಕಿ ಆರಿಸುವ ಒಂದು ಒತ್ತು. ನೇರ ಕೀಬೋರ್ಡ್‌ನಲ್ಲಿ ಹೆಚ್ಚು ಒತ್ತಬೇಕು ಎಂದು ಹೇಳುವವರು ಇದನ್ನು ಎಣಿಸಿ ನೋಡಿರುವುದಿಲ್ಲ. ಕನ್ನಡದ ವ್ಯಂಜನದಲ್ಲಿ ಅಕಾರ ಸೇರಿಕೊಂಡೇ ಇರುತ್ತದೆ, ಇಂಗ್ಲಿಷ್ ಅಕ್ಷರದಲ್ಲಿ ಅದನ್ನು ಪ್ರತಿ ಸಲ ಬೇರೆಯಾಗಿ ಒತ್ತಬೇಕು. ‘ಕಣದಾಗ’ ನೇರವಾಗಿ ಐದು ಒತ್ತು, ಲಿಪ್ಯಂತರದಲ್ಲಿ ಎಂಟು. ನಿಧಾನವಾಗುವುದು ಒತ್ತುಗಳ ಸಂಖ್ಯೆಯಿಂದ ಅಲ್ಲ, ಗುಂಡಿ ಎಲ್ಲಿದೆ ಎಂದು ಹುಡುಕುವುದರಿಂದ. ಕೆಲವು ಅಕ್ಷರಗಳಿಗೆ, ಮುಖ್ಯವಾಗಿ ಮಹಾಪ್ರಾಣಗಳಿಗೆ, ಗುಂಡಿಯನ್ನು ಒತ್ತಿ ಹಿಡಿಯಬೇಕು ಅಥವಾ ಶಿಫ್ಟ್ ಒತ್ತಬೇಕು, ಅದೂ ಸ್ವಲ್ಪ ಹೊತ್ತು ತಿನ್ನುತ್ತದೆ. ಆದರೆ ಹುಡುಕಾಟ ಬಳಸುತ್ತ ಬಳಸುತ್ತ ಕಡಿಮೆಯಾಗುತ್ತದೆ. ಲಿಪ್ಯಂತರದಲ್ಲಿ ಸಲಹೆಯ ಸಾಲನ್ನು ಓದುವ ಕೆಲಸ ಮಾತ್ರ ಎಷ್ಟು ವರ್ಷ ಬಳಸಿದರೂ ಉಳಿದೇ ಉಳಿಯುತ್ತದೆ.

ಊರಿನ ಹೆಸರಿಗಿಂತ ದೊಡ್ಡ ಪೆಟ್ಟು ಬೀಳುವುದು ಆಡುಮಾತಿಗೆ. ನಮ್ಮ ಮನೆಯ ಗುಂಪಿನಲ್ಲಿ ಒಂದು ದಿನ ನಡೆದ ಮಾತು ಇದು. ಬಳ್ಳಾರಿಯಲ್ಲಿ ಓದುತ್ತಿರುವ ಹುಡುಗಿ ಊರಲ್ಲಿರುವ ಮಾವನಿಗೆ ಬರೆದದ್ದು: ‘ಮಾವಾ, ಶನಿವಾರ ಊರಿಗೆ ಬರ್ತೀನಿ. ಕಣದಾಗ ಮೆಣಸಿನಕಾಯಿ ಇನ್ನಾ ಐತಾ?’ ಮಾವನ ಉತ್ತರ: ‘ಐತವ್ವಾ. ಮಳಿ ಬರಂಗೈತಿ, ಇವತ್ತೇ ಚೀಲ ತುಂಬಸ್ತೀವಿ. ನಿನ್ನ ಫೋನ್‌ಪೇ ನಂಬರ್ ಕಳ್ಸು.’ ಈ ನಾಲ್ಕೈದು ಸಾಲಿನಲ್ಲಿ ಲಿಪ್ಯಂತರದ ಕೀಬೋರ್ಡ್ ಚೆನ್ನಾಗಿ ನಿಭಾಯಿಸುವ ಪದಗಳಿವೆ. ಶನಿವಾರ, ಊರಿಗೆ, ಮೆಣಸಿನಕಾಯಿ, ನಂಬರ್, ಇವು ಎಲ್ಲರೂ ಬರೆಯುವ ರೂಪದಲ್ಲೇ ಇವೆ. ಮೆಣಸಿನಕಾಯಿಯ ಣಕಾರವನ್ನು n ಹೇಳದಿದ್ದರೂ ಪದದ ರಾಶಿ ಹೇಳಿಬಿಡುತ್ತದೆ. ತೊಂದರೆ ಕಣದಾಗ, ಐತವ್ವಾ, ಮಳಿ, ಬರಂಗೈತಿ, ತುಂಬಸ್ತೀವಿ ಎಂಬಲ್ಲಿ. mali ಎಂದು ಒತ್ತಿದರೆ ಮಾಲಿ, ಮಲಿ, ಮಳಿ ಎಲ್ಲಕ್ಕೂ ಹಕ್ಕಿದೆ. ‘ಬರಂಗೈತಿ’ಯಂಥ ಕೂಡುರೂಪ, ಬರುವ ಹಾಗೆ ಇದೆ ಎಂಬ ಮೂರು ಪದ ಒಂದರೊಳಗೊಂದು ಕರಗಿದ ರೂಪ, ಅಚ್ಚಾದ ಕನ್ನಡದಲ್ಲಿ ಅಪರೂಪ.

ಇಲ್ಲಿ ಆಗುವ ಹಾನಿ ಕೇವಲ ಒಂದು ತಪ್ಪಕ್ಷರದ್ದಲ್ಲ. ಲಿಪ್ಯಂತರದಲ್ಲಿ ಸ್ಪೇಸ್ ಒತ್ತಿದೊಡನೆ ಮೊದಲ ಸಲಹೆ ಪದವಾಗಿ ಕೂತುಬಿಡುತ್ತದೆ. ಅವಸರದಲ್ಲಿರುವವರು ಎರಡು ಸಲ ತಿದ್ದುತ್ತಾರೆ, ಮೂರನೆಯ ಸಲ ಕೀಬೋರ್ಡ್‌ಗೆ ಗೊತ್ತಿರುವ ಪದವನ್ನೇ ಬಳಸುತ್ತಾರೆ. ‘ಕಣದಾಗ’ ಹೋಗಿ ‘ಕಣದಲ್ಲಿ’ ಬರುತ್ತದೆ, ‘ಐತಿ’ ಹೋಗಿ ‘ಇದೆ’ ಬರುತ್ತದೆ. ಮಾವ ಎಂದೂ ಆಡದ ಕನ್ನಡ ಮಾವನ ಹೆಸರಿನಲ್ಲಿ ಗುಂಪಿಗೆ ಹೋಗುತ್ತದೆ. ಶಾಲೆಯ ಪ್ರಬಂಧಕ್ಕೆ ಅದು ಸರಿಯಿರಬಹುದು. ಮನೆಯವರ ಮಾತುಕತೆಯಲ್ಲಿ ಅದು ಆ ಮನುಷ್ಯನ ದನಿಯನ್ನೇ ಕಿತ್ತುಕೊಂಡ ಹಾಗೆ. ಬಳ್ಳಾರಿ ಸೀಮೆಯ ಈ ಮಾತು ಪುಸ್ತಕದಲ್ಲಿ ಸಿಗುವುದು ಕಡಿಮೆ. ಜನ ಅದನ್ನು ದಿನವೂ ಬರೆಯುವ ಜಾಗ ಈಗ ಫೋನಿನ ಮಾತುಕತೆಯೊಂದೇ. ಅಲ್ಲೂ ಅದನ್ನು ಸಲಹೆಯ ಸಾಲಿಗೆ ಬಿಟ್ಟುಕೊಡುವುದು ನನಗೆ ಒಪ್ಪಿಗೆಯಿಲ್ಲ. ನೇರ ಕೀಬೋರ್ಡ್‌ಗೆ ‘ಬರಂಗೈತಿ’ ಗೊತ್ತಿರಬೇಕಾಗಿಲ್ಲ. ಬ, ರ, ಸೊನ್ನೆ, ಗ, ಐಕಾರ, ತ, ಗುಡಿಸು ಎಂದು ಏಳು ಒತ್ತಿದರೆ ಅದು ಹಾಗೇ ಬೀಳುತ್ತದೆ. ಕೆಲವು ಸಲ ಬರೆದ ಮೇಲೆ ಮುಂದಿನ ಸಲ ಸಲಹೆಯಾಗಿಯೂ ಬರತೊಡಗುತ್ತದೆ.

ಹಾಕಿಕೊಳ್ಳುವ ಕೆಲಸ ಸಣ್ಣದು. ಜಿಬೋರ್ಡ್ ತೆರೆದಿರುವಾಗ ಅದರ ಮೇಲಿನ ಸಾಲಿನ ಗೇರ್ ಗುರುತಿನಿಂದ Languages ಗೆ ಹೋಗಿ, Add keyboard ಒತ್ತಿ, ಪಟ್ಟಿಯಲ್ಲಿ ಕನ್ನಡ ಆರಿಸಬೇಕು. ಆಗ ವಿನ್ಯಾಸಗಳ ಚಿತ್ರಗಳು ಸಾಲಾಗಿ ಕಾಣುತ್ತವೆ: ಕನ್ನಡ ಅಕ್ಷರಗಳದ್ದು, abc → ಕನ್ನಡ, ಬೆರಳಿನಲ್ಲಿ ಬರೆಯುವ ಕೈಬರಹದ್ದು. ಬಹಳ ಜನ ಎಡವುವುದು ಇಲ್ಲಿ. ಮೊದಲೇ ಗುರುತು ಬಿದ್ದಿರುವ ವಿನ್ಯಾಸವನ್ನು ಒಪ್ಪಿ Done ಒತ್ತಿಬಿಡುತ್ತಾರೆ, ಒಂದಕ್ಕಿಂತ ಹೆಚ್ಚು ಆರಿಸಬಹುದು ಎಂಬುದು ಗೊತ್ತಿರುವುದಿಲ್ಲ. ನೇರ ಅಕ್ಷರದ್ದಕ್ಕೆ ಗುರುತು ಹಾಕಿ, ಬೇಕಿದ್ದರೆ ಮಾತ್ರ ಲಿಪ್ಯಂತರಕ್ಕೂ ಹಾಕಿ ಮುಗಿಸಬೇಕು. ನೇರ ವಿನ್ಯಾಸದಲ್ಲಿ ಒಂದು ಅನುಕೂಲ ಇದೆ, ಅದನ್ನು ತೋರಿಸಿಕೊಟ್ಟರೆ ಹೊಸಬರ ಅಂಜಿಕೆ ಅರ್ಧ ಹೋಗುತ್ತದೆ. ವ್ಯಂಜನ ಒತ್ತಿದೊಡನೆ ಸ್ವರಗಳ ಸಾಲು ಗುಣಿತವಾಗಿ ಬದಲಾಗುತ್ತದೆ. ಕ ಒತ್ತಿದರೆ ಕಾ ಕಿ ಕೀ ಕು ಕೂ ಎಂದು ಕಣ್ಣೆದುರೇ ನಿಲ್ಲುತ್ತದೆ. ಕಾಗುಣಿತ ಕಲಿತ ಯಾರಿಗಾದರೂ ಇದು ಹೊಸದಲ್ಲ. ಒತ್ತಕ್ಷರಕ್ಕೆ ಮಾತ್ರ ಒಂದು ನಿಯಮ ಕಲಿಯಬೇಕು: ಮೊದಲ ವ್ಯಂಜನ, ಅರ್ಧಾಕ್ಷರದ ಗುರುತು, ಎರಡನೆಯ ವ್ಯಂಜನ, ಆಮೇಲೆ ಸ್ವರ. ‘ಹಟ್ಟಿ’ಯಲ್ಲಿ ಗುಡಿಸು ಕಣ್ಣಿಗೆ ಮೇಲಿನ ಟಕಾರದ ತಲೆಯ ಮೇಲೆ ಕಂಡರೂ ಒತ್ತುವುದು ಕೊನೆಗೆ. ಕೈಬರಹದಲ್ಲಿ ನಾವು ಒತ್ತನ್ನು ಕೊನೆಗೆ ಬರೆಯುತ್ತೇವೆ, ಕೀಬೋರ್ಡ್‌ನಲ್ಲಿ ಸ್ವರ ಕೊನೆಗೆ. ಮೊದಮೊದಲು ‘ಟಿ’ ಬರೆದು ಆಮೇಲೆ ಒತ್ತು ಕೊಡಲು ಹೋಗಿ ‘ಟಿ’ಯ ಪಕ್ಕದಲ್ಲಿ ಚುಕ್ಕಿಗಳ ವೃತ್ತವೊಂದು ಕಂಡರೆ ಕ್ರಮ ತಪ್ಪಿದೆ ಎಂದು ತಿಳಿಯಬೇಕು. ಆ ವೃತ್ತ ಫಾಂಟಿನ ದೋಷವಲ್ಲ, ಗುರುತಿಗೆ ಆಸರೆಯಾದ ವ್ಯಂಜನ ಸಿಗಲಿಲ್ಲ ಎಂಬ ಸೂಚನೆ.

ಅಳಿಸುವ ಗುಂಡಿಯೂ ಈ ಕ್ರಮವನ್ನೇ ಹಿಂದಕ್ಕೆ ನಡೆಯುತ್ತದೆ. ‘ಹಟ್ಟಿ’ಯ ಮೇಲೆ ಒಮ್ಮೆ ಒತ್ತಿದರೆ ‘ಹಟ್ಟ’, ಮತ್ತೊಮ್ಮೆ ಒತ್ತಿದರೆ ‘ಹಟ್’. ಇಡೀ ಒತ್ತಕ್ಷರ ಹೋಗುವುದಿಲ್ಲ. ಹ್ರಸ್ವ ಬಿದ್ದ ಕಡೆ ದೀರ್ಘ ಬೇಕೆಂದರೆ ಒಮ್ಮೆ ಅಳಿಸಿ ದೀರ್ಘದ ಗುರುತು ಒತ್ತಿದರೆ ಸಾಕು. ಆದರೆ ಕರ್ಸರನ್ನು ಒತ್ತಕ್ಷರದ ನಡುವೆ ಇಡಲು ಬರುವುದಿಲ್ಲ. ನಡುವಿನ ವ್ಯಂಜನ ತಪ್ಪಿದ್ದರೆ ಆ ಅಕ್ಷರವನ್ನು ಹಿಂದಿನಿಂದ ಬಿಚ್ಚಿ ಬರೆಯಬೇಕು.

ಇನ್ನು ಭಾಷೆ ಬದಲಿಸುವ ಮಾತು. ಎರಡು ಕೀಬೋರ್ಡ್ ಇದ್ದರೆ ಸ್ಪೇಸ್ ಪಕ್ಕದ ಗ್ಲೋಬ್ ಗುರುತನ್ನು ಒಮ್ಮೆ ಒತ್ತಿದರೆ ಸಾಕು, ಇಂಗ್ಲಿಷ್‌ನಲ್ಲಿದ್ದರೆ ಕನ್ನಡ, ಕನ್ನಡದಲ್ಲಿದ್ದರೆ ಇಂಗ್ಲಿಷ್. ಕಣ್ಣಿಟ್ಟು ನೋಡಬೇಕಿಲ್ಲ. ಮೂರನೆಯದು ಸೇರಿದ ಗಳಿಗೆಯಲ್ಲಿ ಈ ಸುಖ ಮುಗಿಯಿತು. ಒಮ್ಮೆ ಒತ್ತಿದರೆ ಬೇಕಾದದ್ದು ಬಂತೋ ಇಲ್ಲವೋ ಎಂದು ಸ್ಪೇಸ್ ಬಾರ್ ಮೇಲೆ ಬರೆದಿರುವ ಭಾಷೆಯ ಹೆಸರನ್ನು ಓದಬೇಕು, ಬರದಿದ್ದರೆ ಮತ್ತೆ ಒತ್ತಬೇಕು. ಸ್ಪೇಸ್ ಬಾರನ್ನು ಒತ್ತಿ ಹಿಡಿದರೆ ಪಟ್ಟಿ ತೆರೆಯುತ್ತದೆ, ಅದರಿಂದ ನೇರವಾಗಿ ಆರಿಸಬಹುದು. ಮೂರು ಅಥವಾ ನಾಲ್ಕು ಇಟ್ಟುಕೊಂಡವರಿಗೆ ಅದೇ ಮೇಲು. ಸ್ಯಾಮ್ಸಂಗ್ ಫೋನಿನ ಸ್ವಂತ ಕೀಬೋರ್ಡ್‌ನಲ್ಲಿ ಸ್ಪೇಸ್ ಬಾರ್ ಮೇಲೆ ಬೆರಳು ಸರಿಸಿದರೆ ಭಾಷೆ ಬದಲಾಗುವ ಹಾಗೆ ಇಟ್ಟುಕೊಳ್ಳಬಹುದು. ಜಿಬೋರ್ಡ್‌ನಲ್ಲಿ ಅದೇ ರೀತಿ ಸರಿಸಿದರೆ ಕರ್ಸರ್ ಹಿಂದೆ ಮುಂದೆ ಹೋಗುತ್ತದೆ. ಒಂದು ಮನೆಯಲ್ಲಿ ಎರಡು ಬಗೆಯ ಫೋನ್ ಇದ್ದು ಒಬ್ಬರದನ್ನೊಬ್ಬರು ಬಳಸುವಾಗ ಕೈಯಭ್ಯಾಸ ತಪ್ಪುವುದು ಇದರಿಂದಲೇ.

ಎರಡನೆಯ ವಿನ್ಯಾಸ ಅದೇ ಆ್ಯಪ್‌ನೊಳಗೆ ಇದೆಯೋ ಬೇರೆ ಆ್ಯಪ್ ಆಗಿದೆಯೋ ಎಂಬುದೂ ವೇಗವನ್ನು ತೀರ್ಮಾನಿಸುತ್ತದೆ. ಇದಕ್ಕೆ ಒಳ್ಳೆಯ ಉದಾಹರಣೆ ಕೆ.ಪಿ. ರಾವ್ ವಿನ್ಯಾಸ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಪದ್ಮನಾಭ ರಾವ್ ಕಂಪ್ಯೂಟರಿಗೆ ರೂಪಿಸಿದ ಈ ಕ್ರಮವನ್ನೇ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಬಳಸಿತು. ಸರ್ಕಾರಿ ಕಚೇರಿಗಳ ಬೆರಳಚ್ಚುಗಾರರು, ಡಿಟಿಪಿ ಅಂಗಡಿಯವರು ಕಲಿತದ್ದು ಅದನ್ನೇ. ಅದರಲ್ಲಿ ‘ಕನ್ನಡ’ ಎಂದರೆ knfnw, ‘ಬಾದನಹಟ್ಟಿ’ ಎಂದರೆ bAdnhqfqi. ಇಂಗ್ಲಿಷ್ ಗುಂಡಿಗಳನ್ನೇ ಬಳಸಿದರೂ ಇದು ಊಹೆಯಲ್ಲ, ನಿಯಮ. q ಎಂದರೆ ಯಾವಾಗಲೂ ಟ, f ಎಂದರೆ ಯಾವಾಗಲೂ ಒತ್ತಿನ ಕೊಂಡಿ. ಒಂಬತ್ತೇ ಒತ್ತು, ಆರಿಸುವುದೇನೂ ಇಲ್ಲ. ನನ್ನ ದೃಷ್ಟಿಯಲ್ಲಿ ಕನ್ನಡಕ್ಕೆ ಬಂದ ವಿನ್ಯಾಸಗಳಲ್ಲಿ ಇಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ. ಕುರುಗೋಡಿನ ಕಚೇರಿಯಲ್ಲಿ ದಿನವಿಡೀ ನುಡಿಯಲ್ಲಿ ಕೆಲಸ ಮಾಡುವವರು ಫೋನಿನಲ್ಲಿ ಲಿಪ್ಯಂತರದ ಜೊತೆ ಹೆಣಗುವುದನ್ನು ನೋಡಿದರೆ ನನಗೆ ಬೇಸರವಾಗುತ್ತದೆ, ಅವರ ಬೆರಳಿಗೆ ಗೊತ್ತಿರುವ ಕ್ರಮ ಫೋನಿಗೂ ಸಿಗುತ್ತದೆ. ಆದರೆ ಅದು ಜಿಬೋರ್ಡ್‌ನ ಪಟ್ಟಿಯಲ್ಲಿಲ್ಲ. ಜಸ್ಟ್ ಕನ್ನಡದಂಥ ಬೇರೆ ಆ್ಯಪ್ ಹಾಕಿಕೊಳ್ಳಬೇಕು. ಹಾಗೆ ಹಾಕಿಕೊಂಡರೆ ಒಂದರಿಂದ ಇನ್ನೊಂದಕ್ಕೆ ಹೋಗಲು ಪರದೆಯ ಕೆಳಗಿನ ಚಿಕ್ಕ ಕೀಬೋರ್ಡ್ ಗುರುತು ಒತ್ತಿ, ಬಂದ ಪಟ್ಟಿಯಲ್ಲಿ ಆರಿಸಬೇಕು. ಒಂದು ಒತ್ತಿನ ಕೆಲಸ ಎರಡಾಯಿತು, ಜೊತೆಗೆ ಕಣ್ಣು ಪರದೆಯ ತುದಿಗೆ ಹೋಗಿ ಬರಬೇಕು. ಈ ವಿನ್ಯಾಸ ಆರಿಸಿಕೊಂಡವರು ಇಂಗ್ಲಿಷಿಗೂ ಅದೇ ಆ್ಯಪ್‌ನ ಕೀಬೋರ್ಡನ್ನೇ ಬಳಸುವುದು ಒಳ್ಳೆಯದು, ಎರಡು ಆ್ಯಪ್‌ಗಳ ನಡುವೆ ಓಡಾಡಬಾರದು. ಹೊಸ ಕೀಬೋರ್ಡ್ ಆ್ಯಪ್ ಚಾಲೂ ಮಾಡುವಾಗ ಆಂಡ್ರಾಯ್ಡ್ ಒಂದು ಎಚ್ಚರಿಕೆ ತೋರಿಸುತ್ತದೆ: ನೀವು ಒತ್ತುವುದೆಲ್ಲ, ಪಾಸ್‌ವರ್ಡ್ ಕೂಡ, ಈ ಆ್ಯಪ್‌ಗೆ ಕಾಣುತ್ತದೆ ಎಂದು. ಅದು ಸುಮ್ಮನೆ ದಾಟಿಹೋಗುವ ಮಾತಲ್ಲ. ಮಾಡಿದವರು ಯಾರೆಂದು ತಿಳಿಯದ ಕೀಬೋರ್ಡ್ ಎಷ್ಟು ಚೆಂದ ಇದ್ದರೂ ಬೇಡ.

ಬೇಗ ಬದಲಿಸುವುದು ಎಂದರೆ ಬೆರಳಿನ ಚುರುಕು ಎಂದು ಎಲ್ಲರೂ ತಿಳಿಯುತ್ತಾರೆ. ನಿಜವಾದ ಪ್ರಶ್ನೆ ಎಲ್ಲಿ ಬದಲಿಸಬೇಕು ಎಂಬುದು. ಕನ್ನಡದ ವಿಭಕ್ತಿ ಪದಕ್ಕೆ ಅಂಟಿಕೊಂಡು ಬರುತ್ತದೆ. ‘ಕಾಲೇಜಿಗೆ ಹೊಂಟೀನಿ’ ಎಂಬುದರಲ್ಲಿ ಕಾಲೇಜನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಅದು collegeಗೆ ಎಂದಾಗಬೇಕು. ಪದದ ಮೊದಲು ಒಂದು ಬದಲಾವಣೆ, ಪದದ ನಡುವೆ ಇನ್ನೊಂದು. ಸಲಹೆಯ ಸಾಲಿನಿಂದ college ಆರಿಸಿದ್ದರೆ ಕೀಬೋರ್ಡ್ ತಾನೇ ಒಂದು ಸ್ಪೇಸ್ ಸೇರಿಸಿರುತ್ತದೆ, ಅದನ್ನು ಅಳಿಸದಿದ್ದರೆ ‘ಗೆ’ ಒಂಟಿಯಾಗಿ ನಿಲ್ಲುತ್ತದೆ. ಬಸ್ಸಿನಾಗ, ಆಫೀಸಿಗೆ, ಫೋನಿಂದ, ಬ್ಯಾಂಕ್ನಾಗ ಎಂದು ನಮ್ಮ ಮಾತಿನಲ್ಲಿ ಇಂಥ ಪದ ಸಾಲಿಗೊಂದು ಬರುತ್ತದೆ. ಪ್ರತಿ ಪದಕ್ಕೂ ಎರಡು ಸಲ ಗ್ಲೋಬ್ ಒತ್ತುವವನಿಗೆ ಯಾವ ಕೀಬೋರ್ಡ್ ಕೊಟ್ಟರೂ ಅದು ನಿಧಾನವೇ. ಇಂಗ್ಲಿಷಿನಿಂದ ಬಂದ ಪದವನ್ನು ಕನ್ನಡ ಅಕ್ಷರದಲ್ಲೇ ಬರೆದುಬಿಟ್ಟರೆ ಈ ಗೋಳು ಇಲ್ಲ. ಕನ್ನಡಿಗರ ಬಾಯಲ್ಲಿ ಅವು ಕನ್ನಡದ ಉಚ್ಚಾರವನ್ನೇ ಪಡೆದಿವೆ, ಕನ್ನಡದ ಪ್ರತ್ಯಯವನ್ನೇ ಹಚ್ಚಿಕೊಂಡಿವೆ. ಇಂಗ್ಲಿಷ್ ಕೀಬೋರ್ಡ್ ಬೇಕಾಗುವುದು ಇಂಗ್ಲಿಷ್ ಅಕ್ಷರದಲ್ಲಿಯೇ ಇರಲೇಬೇಕಾದ್ದಕ್ಕೆ ಮಾತ್ರ: ಯುಪಿಐ ಐಡಿ, ಇಮೇಲ್ ವಿಳಾಸ, ವೆಬ್ ಕೊಂಡಿ, ಬ್ಯಾಂಕಿನ ಐಎಫ್‌ಎಸ್‌ಸಿ ಸಂಖ್ಯೆ. ಮೇಲಿನ ಮಾತುಕತೆಯಲ್ಲಿ ಮಾವ ಕನ್ನಡದಿಂದ ಆಚೆ ಹೋಗಬೇಕಾದ ಪ್ರಸಂಗವೇ ಇಲ್ಲ. ಹುಡುಗಿ ಉತ್ತರಿಸುವಾಗ ನಂಬರ್ ಬದಲಿಗೆ ಯುಪಿಐ ಐಡಿ ಕಳಿಸಿದರೆ ಆಗ ಒಮ್ಮೆ, ಅದೂ ಸಾಲು ಮುಗಿದ ಮೇಲೆ. ಇದೇ ಜಾಗದಲ್ಲಿ ಲಿಪ್ಯಂತರ ಚಾಲೂ ಇದ್ದರೆ ಐಡಿಯ ಅಕ್ಷರಗಳು ಕನ್ನಡವಾಗಿ ಹೋಗುವ ಅಪಾಯ ಇದೆ. ಕಂಡೊಡನೆ ತಿಳಿಯುವ ತಪ್ಪು ಅದು, ಆದರೂ ತಿದ್ದುವ ಕೆಲಸ ತಪ್ಪುವುದಿಲ್ಲ.

ಈ ಸಲಹೆಗೆ ಒಂದು ತೊಡಕು ಇದೆ, ಅದನ್ನು ಮುಚ್ಚಿಡಬಾರದು. ‘ಫೋನ್‌ಪೇ’ ಎಂದು ನೇರ ಕೀಬೋರ್ಡ್‌ನಲ್ಲಿ ಬರೆದರೆ ಅದು ‘ಫೋನ್ಪೇ’ ಆಗುತ್ತದೆ, ಪಕಾರ ನಕಾರದ ಕೆಳಗೆ ಒತ್ತಾಗಿ ಇಳಿಯುತ್ತದೆ. ಅರ್ಧಾಕ್ಷರದ ಮುಂದೆ ಇನ್ನೊಂದು ವ್ಯಂಜನ ಬಂದರೆ ಎರಡನ್ನೂ ಕೂಡಿಸುವುದು ಲಿಪಿಯ ನಿಯಮ. ಕೂಡಬೇಡ ಎಂದು ಹೇಳಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇಡಬೇಕು. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ U+200C. ಎಲ್ಲ ಕೀಬೋರ್ಡ್‌ಗಳೂ ಅದಕ್ಕೆ ಸುಲಭದ ಗುಂಡಿ ಕೊಟ್ಟಿಲ್ಲ. ಹೊಸ ವಿನ್ಯಾಸವೊಂದನ್ನು ಒಪ್ಪುವ ಮೊದಲು ಪಾಸ್‌ವರ್ಡ್, ಫೋನ್‌ಪೇ ಎಂಬಂಥ ಪದ ಬರೆದು ನೋಡುವುದು ಒಳ್ಳೆಯ ಪರೀಕ್ಷೆ. ಗುಂಡಿ ಇಲ್ಲದಿದ್ದರೆ ಉಪಾಯ ಹೀಗೆ: ಸರಿಯಾದ ರೂಪ ಎಲ್ಲಾದರೂ ಕಂಡಾಗ ಕಾಪಿ ಮಾಡಿ ಜಿಬೋರ್ಡ್‌ನ Dictionary ಯೊಳಗಿನ ಸ್ವಂತ ಪದಪಟ್ಟಿಗೆ ಸೇರಿಸಿ, ಅದಕ್ಕೊಂದು ಗಿಡ್ಡ ರೂಪ ಕೊಡಬೇಕು. ‘ಫೋಪೇ’ ಎಂದು ಬರೆದರೆ ‘ಫೋನ್‌ಪೇ’ ಸಲಹೆಯಾಗಿ ಬರುವ ಹಾಗೆ. ಅದೂ ಬೇಡವೆಂದರೆ ‘ಫೋನ್ ಪೇ’ ಎಂದು ಬಿಡಿಸಿ ಬರೆದರೆ ಯಾರಿಗೂ ಅರ್ಥ ಕೆಡುವುದಿಲ್ಲ. ಊರಿನ ಹೆಸರು, ಅಡ್ಡಹೆಸರು, ಮನೆಯಲ್ಲಿ ಕರೆಯುವ ಹೆಸರುಗಳನ್ನೂ ಇದೇ ಪಟ್ಟಿಗೆ ಸೇರಿಸಬಹುದು. ಲಿಪ್ಯಂತರವನ್ನು ಬಿಡಲು ಮನಸ್ಸಿಲ್ಲದವರಿಗೂ ಇದು ಉಪಯೋಗ. ಮಾತಿನಲ್ಲಿ ಪದೇ ಪದೇ ಬರುವ ಹೆಸರು ಒಂದು ಸಲ ಪಟ್ಟಿ ಸೇರಿದರೆ ಊಹೆಯ ಕಾಟ ಅಷ್ಟರಮಟ್ಟಿಗೆ ತಪ್ಪುತ್ತದೆ.

ಬಳ್ಳಾರಿ ಸೀಮೆಗೆ ಮೂರನೆಯ ಭಾಷೆ ತೆಲುಗು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿ, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗಡಿ ಎಳೆದರೂ ನೆಂಟಸ್ತಿಕೆ, ವ್ಯಾಪಾರ ನಿಲ್ಲಲಿಲ್ಲ, ಇವತ್ತು ಆ ನೆಂಟರೆಲ್ಲ ವಾಟ್ಸ್‌ಆ್ಯಪ್ ಗುಂಪಿನಲ್ಲಿದ್ದಾರೆ. ತೆಲುಗು ಕೀಬೋರ್ಡ್ ಸೇರಿಸಿಕೊಂಡವರಿಗೆ ಒಂದು ವಿಶೇಷ ಎಚ್ಚರಿಕೆ ಬೇಕು. ಯೂನಿಕೋಡ್‌ನಲ್ಲಿ ತೆಲುಗಿನ ಮನೆ U+0C00ರಿಂದ U+0C7Fರವರೆಗೆ, ಅದರ ಮುಂದಿನ ಮನೆಯೇ ಕನ್ನಡದ್ದು, U+0C80ರಿಂದ. ಎರಡು ಲಿಪಿಗಳೂ ಅಕ್ಕಪಕ್ಕದ ಮನೆಯವು, ಮುಖವೂ ಒಂದೇ ಹೋಲಿಕೆ. ಬ, ಲ, ಜ, ಸೊನ್ನೆ ಇವು ಚಿಕ್ಕ ಪರದೆಯಲ್ಲಿ ಬಹುತೇಕ ಒಂದೇ ರೀತಿ ಕಾಣುತ್ತವೆ. ಅವಸರದಲ್ಲಿ ತೆಲುಗು ಕೀಬೋರ್ಡ್‌ನಲ್ಲೇ ಕನ್ನಡದ ಪದ ಬರೆದುಬಿಟ್ಟರೆ ಓದುವವರು ಅರ್ಥ ಮಾಡಿಕೊಳ್ಳುತ್ತಾರೆ, ಫೋನ್ ಮಾತ್ರ ಅದನ್ನು ಬೇರೆ ಪದವೆಂದೇ ಎಣಿಸುತ್ತದೆ. ಒಂದು ಹೆಸರನ್ನು ಹಾಗೆ ಉಳಿಸಿಕೊಂಡರೆ ಆಮೇಲೆ ಕನ್ನಡದಲ್ಲಿ ಹುಡುಕಿದಾಗ ಸಿಗುವುದಿಲ್ಲ, ಕಣ್ಣೆದುರಿಗೇ ಇದ್ದರೂ. ಗುರುತು ಹಿಡಿಯಲು ತಲೆಕಟ್ಟು ನೋಡಬೇಕು: ತೆಲುಗಿನ ಕ, ನ, ತಗಳ ತಲೆಯ ಮೇಲೆ ಬಲಕ್ಕೆ ಏರುವ ಗೀಟು, ಕನ್ನಡದಲ್ಲಿ ಮಲಗಿದ ಗೆರೆ. ಮೂರು ಭಾಷೆ ಬೇಕಾದವರು ಕನ್ನಡ ಲಿಪ್ಯಂತರವನ್ನು ಕೈಬಿಟ್ಟು ಇಂಗ್ಲಿಷ್, ಕನ್ನಡ, ತೆಲುಗು ಮೂರನ್ನೇ ಇಟ್ಟುಕೊಳ್ಳಲಿ. ಬದಲಿಸುವಾಗ ಗ್ಲೋಬ್ ಬಿಟ್ಟು ಸ್ಪೇಸ್ ಬಾರ್ ಒತ್ತಿ ಹಿಡಿಯಲಿ. ಪಟ್ಟಿಯಲ್ಲಿ ಹೆಸರು ಓದಿ ಆರಿಸಿದರೆ ಈ ತಪ್ಪು ನಡೆಯುವುದು ಕಡಿಮೆ.

ಹಾಗಾದರೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುವ ರೂಢಿ, ಯಾವ ಎರಡನೆಯ ಕೀಬೋರ್ಡೂ ಇಲ್ಲದ yenu madtiya ಎಂಬ ಬರವಣಿಗೆ? ಇಬ್ಬರು ಗೆಳೆಯರ ನಡುವೆ ಅದು ನಡೆದುಹೋಗುತ್ತದೆ, ಬರೆಯುವವನಿಗೆ ಅದಕ್ಕಿಂತ ವೇಗ ಬೇರೆ ಇಲ್ಲ. ಆದರೆ ಕೀಬೋರ್ಡ್ ಮಾಡಬೇಕಿದ್ದ ಊಹೆಯನ್ನು ಅದು ಓದುವವರ ತಲೆಗೆ ಹಾಕುತ್ತದೆ. hatti ಎಂದು ಬಂದ ಸಂದೇಶ ಹತ್ತಿಯ ಬೆಲೆಯದ್ದೋ ಹಟ್ಟಿಯ ಸುದ್ದಿಯೋ ಎಂದು ಕನ್ನಡ ಶಾಲೆ ಕಲಿತ ಅತ್ತೆ ಅಕ್ಷರ ಅಕ್ಷರ ಕೂಡಿಸಿ ತಿಳಿಯಬೇಕು. ನಗರದ ಹೆಸರನ್ನೇ ನೋಡಿ, ಇಂಗ್ಲಿಷಿನಲ್ಲಿ Bellary ಎಂದಿದ್ದದ್ದು 2014ರ ನವೆಂಬರ್ 1ರಿಂದ Ballari ಆಯಿತು. ಕನ್ನಡದಲ್ಲಿ ಅದು ಮೊದಲೂ ಬಳ್ಳಾರಿ, ಈಗಲೂ ಬಳ್ಳಾರಿ. ಗುಂಪಿನಲ್ಲಿ ಹಿರಿಯರು ಇದ್ದಾರೆ ಎಂದರೆ ಈ ರೂಢಿಯನ್ನು ನಾನು ಒಪ್ಪಲಾರೆ.

ನೆಟ್ ಇಲ್ಲದಾಗ ಸಾಮಾನ್ಯ ಎಸ್‌ಎಂಎಸ್ ಕಳಿಸುವವರಿಗೆ ಮಾತ್ರ ಅದರ ಪರವಾಗಿ ಒಂದು ಲೆಕ್ಕ ಇದೆ. ಇಂಗ್ಲಿಷ್ ಅಕ್ಷರಗಳ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಯುತ್ತದೆ. ಅದರಲ್ಲಿ ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಇಡೀ ಸಂದೇಶದ ಮಿತಿ 70ಕ್ಕೆ ಇಳಿಯುತ್ತದೆ. ಆ ಎಪ್ಪತ್ತರಲ್ಲಿ ಗುಣಿತದ ಗುರುತು, ಅರ್ಧಾಕ್ಷರದ ಗುರುತುಗಳೂ ಒಂದೊಂದಾಗಿ ಲೆಕ್ಕಕ್ಕೆ ಬರುತ್ತವೆ, ‘ಬಾದನಹಟ್ಟಿ’ಯೇ ಒಂಬತ್ತು ತಿನ್ನುತ್ತದೆ. ಎಸ್‌ಎಂಎಸ್‌ನಲ್ಲಿ ಕನ್ನಡ ಬರೆಯುವವರು ಚುಟುಕಾಗಿ ಬರೆಯಲಿ, ಇಲ್ಲವೇ ಎರಡು ಸಂದೇಶದ ಲೆಕ್ಕ ಬೀಳುತ್ತದೆ ಎಂದು ತಿಳಿದಿರಲಿ. ವಾಟ್ಸ್‌ಆ್ಯಪ್‌ನಲ್ಲಿ ಈ ಲೆಕ್ಕ ಇಲ್ಲ.

ಲಿಪ್ಯಂತರಕ್ಕೆ ನಾನು ಉಳಿಸಿಕೊಡುವ ಜಾಗ ಎಂದರೆ ಗ್ರಾಂಥಿಕ ಕನ್ನಡ. ಶಾಲೆಯ ಪತ್ರ, ಸಂಘದ ನೋಟಿಸು, ಮದುವೆಯ ಕರೆಯೋಲೆಯ ಸಾಲು, ಇಂಥವನ್ನು ಬರೆಯುವಾಗ ಪದಗಳೆಲ್ಲ ಅದರ ರಾಶಿಯೊಳಗಿನವೇ. ಣಕಾರ ಳಕಾರಗಳನ್ನು ಅದೇ ಹುಡುಕಿ ಇಡುತ್ತದೆ, ಕಾಗುಣಿತದಲ್ಲಿ ಅನುಮಾನ ಇರುವವರಿಗೆ ಅದು ಸಹಾಯವೂ ಹೌದು. ಇಂಗ್ಲಿಷ್ ಗುಂಡಿಗಳ ಮೇಲೆ ಕೈ ಕೂತಿರುವ ಕಾಲೇಜಿನ ಹುಡುಗರು ಮೊದಲ ವಾರ ಅದರಲ್ಲೇ ಬರೆದರೆ ತಪ್ಪಿಲ್ಲ. ಗುಂಡಿ ಹುಡುಕುವ ತಾಳ್ಮೆಯೂ ಇಲ್ಲ, ಇಂಗ್ಲಿಷ್ ಅಕ್ಷರವೂ ಬಾರದು ಎನ್ನುವ ಹಿರಿಯರಿಗೆ ಕೈಬರಹದ ವಿನ್ಯಾಸ ಇದೆ. ಪರದೆಯ ಮೇಲೆ ಬೆರಳಿನಿಂದ ‘ಮಳಿ’ ಎಂದು ಬರೆದರೆ ಅಕ್ಷರವಾಗಿ ಬರುತ್ತದೆ. ಅದರಲ್ಲಿ ಒತ್ತಕ್ಷರ ಚಿಕ್ಕದಾಗಿ ಬಿದ್ದರೆ ಗುರುತು ಸಿಗುವುದು ಕಷ್ಟ, ಆದ್ದರಿಂದ ಒಂದೊಂದೇ ಪದ, ದೊಡ್ಡದಾಗಿ ಬರೆಯಬೇಕು. ಅವರ ಫೋನಿನಲ್ಲಿ ಬೇರೆ ಕನ್ನಡ ವಿನ್ಯಾಸ ಇಡದೆ ಕೈಬರಹ ಮತ್ತು ಇಂಗ್ಲಿಷ್ ಎರಡನ್ನೇ ಬಿಟ್ಟರೆ ಗ್ಲೋಬ್ ಒಂದೇ ಒತ್ತಿನಲ್ಲಿ ಕೆಲಸ ಮುಗಿಸುತ್ತದೆ.

ಫೋನ್ ಬದಲಿಸುವಾಗ ಈ ವ್ಯವಸ್ಥೆಯೆಲ್ಲ ತಾನಾಗಿ ಹೊಸ ಫೋನಿಗೆ ಬರುತ್ತದೆ ಎಂದು ನಂಬಬೇಡಿ. ಕೀಬೋರ್ಡ್ ಕಲಿತ ಆಡುಮಾತು, ಸ್ವಂತ ಪಟ್ಟಿಯ ಊರಿನ ಹೆಸರುಗಳು ಕೆಲವೊಮ್ಮೆ ಹಳೆಯ ಫೋನಿನಲ್ಲೇ ಉಳಿಯುತ್ತವೆ. ಪಟ್ಟಿಯಲ್ಲಿರುವ ಪದಗಳನ್ನು ನಿಮಗೆ ನೀವೇ ಒಂದು ಸಂದೇಶವಾಗಿ ಕಳಿಸಿಟ್ಟುಕೊಂಡಿದ್ದರೆ ಹೊಸ ಫೋನಿನಲ್ಲಿ ಅದರಿಂದಲೇ ಕಾಪಿ ಮಾಡಿ ಸೇರಿಸಿಕೊಳ್ಳಬಹುದು, ಕಾಣದ ಸಂಕೇತವೂ ಅದರ ಜೊತೆಗೇ ಬರುತ್ತದೆ.